ಹಳೆಯ ಸಾಲು ತಿದ್ದುವುದು ಸುಲಭ, ಒಪ್ಪಿಸುವುದು ಕಷ್ಟ

‘ಕಬ್ಬಿನ ತೂಕವನ್ನೆಲ್ಲ ಬ್ಲಾಕ್‌ಚೈನಿಗೆ ಹಾಕಿಬಿಟ್ಟರೆ ಮೋಸಾನೇ ಇರಲ್ಲ, ಅಲ್ವಾ?’ ಮಂಡ್ಯದ ಕಡೆಯ ರೈತ ಗೆಳೆಯರೊಬ್ಬರು ಕೇಳಿದರು. ಈ ನಂಬಿಕೆ ನನಗೆ ಚಿಂತೆ ತರುತ್ತದೆ. ಬ್ಲಾಕ್‌ಚೈನ್ ಅಂದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಪ್ರತಿಯಿರುವ ಲೆಕ್ಕದ ಪುಸ್ತಕ. ಬ್ಲಾಕ್ ಅನ್ನುವ ಅದರ ಪುಟಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಗಾಡಿಯಲ್ಲಿ 20 ಟನ್ ಇದ್ದು ವೇಬ್ರಿಡ್ಜ್ 19 ತೋರಿಸಿದರೆ, ಬ್ಲಾಕ್‌ಚೈನಿನಲ್ಲೂ 19 ಅಂತಲೇ ಕೂರುತ್ತದೆ. ಬರೆದದ್ದು ನಿಜವೋ ಸುಳ್ಳೋ ಅದಕ್ಕೆ ಗೊತ್ತಿಲ್ಲ. ಬರೆದ ಮೇಲೆ ಯಾರಾದರೂ ತಿದ್ದಿದರೆ ಮಾತ್ರ ಅದು ಹಿಡಿದುಕೊಡುತ್ತದೆ.

ಹಾಗಾದರೆ ಅದರಲ್ಲಿ ಬರೆಯುವುದೇನು? ಬಿಟ್‌ಕಾಯಿನ್‌ನ 170ನೇ ಬ್ಲಾಕ್ ನೋಡೋಣ. 2009ರ ಜನವರಿ 12ರಂದು ಬಿಟ್‌ಕಾಯಿನ್ ಹುಟ್ಟಿಸಿದ ಸತೋಶಿ ನಕಮೊಟೊ, ಪ್ರೋಗ್ರಾಮರ್ ಹ್ಯಾಲ್ ಫಿನ್ನಿಗೆ 10 ಬಿಟ್‌ಕಾಯಿನ್ ಕಳಿಸಿದ್ದು ಅಲ್ಲಿದೆ. ‘ಸತೋಶಿ ಖಾತೆಯಲ್ಲಿ ಉಳಿದದ್ದು ಇಷ್ಟು’ ಅಂತ ಎಲ್ಲೂ ಬರೆದಿಲ್ಲ. 9ನೇ ಬ್ಲಾಕ್ ಕಂಡುಹಿಡಿದದ್ದಕ್ಕೆ ಸಿಕ್ಕ 50 ನಾಣ್ಯ ಈಗ ಖರ್ಚಾಯಿತು, ಅದರಲ್ಲಿ 10 ಖಾತೆ ನಂಬರಿನಂಥ ಒಂದು ಕೀಲಿಗೆ ಹೋಯಿತು, 40 ಕಳಿಸಿದವರ ಕೀಲಿಗೇ ವಾಪಸ್ಸಾಯಿತು. ಇದಿಷ್ಟು, ಜೊತೆಗೆ ಕಳಿಸಿದವರ ಡಿಜಿಟಲ್ ಸಹಿ. ಹೆಸರುಗಳೂ ಇಲ್ಲ. ಉದ್ದುದ್ದ ಅಂಕಿಗಳಂತಿರುವ ಕೀಲಿಗಳು ಮಾತ್ರ.

10 ಇದ್ದದ್ದನ್ನು 20 ಮಾಡಿದರೆ ಸಹಿ ತಾಳೆಯಾಗುವುದಿಲ್ಲ. ಆದ್ದರಿಂದ ಕಳ್ಳ ಬೇರೆಯವರ ಹಣಕ್ಕೆ ಕೈ ಹಾಕುವುದಿಲ್ಲ, ತನ್ನದೇ ಪಾವತಿಯನ್ನು ಅಳಿಸಲು ನೋಡುತ್ತಾನೆ. ಹಣ ಕಳಿಸಿ ಸಾಮಾನು ತೆಗೆದುಕೊಳ್ಳುತ್ತಾನೆ. ಆಮೇಲೆ ಆ ಸಾಲಿನ ಜಾಗದಲ್ಲಿ, ಅದೇ ಹಣವನ್ನು ತನಗೇ ಕಳಿಸಿಕೊಂಡ ಸಾಲು ಕೂರಿಸಬೇಕು.

ಅವನಿಗೆ ಮೊದಲು ಎದುರಾಗುವುದು ಹ್ಯಾಶ್. ಯಾವುದೇ ಬರಹ ಕೊಟ್ಟರೂ ಎಸ್‌ಎಚ್‌ಎ-256 ಅನ್ನುವ ಲೆಕ್ಕ 64 ಅಕ್ಷರದ ಗುರುತು ಕೊಡುತ್ತದೆ. ಒಂದೇ ಒಂದು ಅಕ್ಷರವನ್ನು ದೊಡ್ಡದು ಮಾಡಿದರೆ ಏನಾಗುತ್ತದೆ ನೋಡಿ (ಮೊದಲ 16 ಅಕ್ಷರ ಮಾತ್ರ ಕೊಟ್ಟಿದ್ದೇನೆ):

```
hello  2cf24dba5fb0a30e...
Hello  185f8db32271fe25...
```

ಪ್ರತಿ ಬ್ಲಾಕಿಗೆ 80 ಬೈಟಿನ ಒಂದು ತಲೆಬರಹ ಇರುತ್ತದೆ. ಒಳಗಿನ ಎಲ್ಲ ವ್ಯವಹಾರಗಳ ಒಟ್ಟು ಗುರುತೂ ಹಿಂದಿನ ಬ್ಲಾಕಿನ ಹ್ಯಾಶೂ ಅದರಲ್ಲಿ ಸೇರಿರುತ್ತವೆ. ಒಂದು ಸಾಲು ತಿದ್ದಿದರೆ ಆ ಬ್ಲಾಕಿನ ಹ್ಯಾಶ್ ಬದಲಾಗುತ್ತದೆ. ಆಗ ಮುಂದಿನ ಬ್ಲಾಕಿನಲ್ಲಿರುವ ಗುರುತು ತಪ್ಪಾಗುತ್ತದೆ. ಅದನ್ನು ಸರಿ ಮಾಡಿದರೆ ಅದರ ಮುಂದಿನದು ತಪ್ಪು. ಹೀಗೆ ಕೊನೆಯವರೆಗೂ.

ಈ ಕೊಂಡಿಯ ಉಪಾಯ ಬಿಟ್‌ಕಾಯಿನ್‌ಗಿಂತ ಹಳೆಯದು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ 1991ರಲ್ಲೇ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. 1995ರಿಂದ ಅವರ ಕಂಪನಿ ತನ್ನ ದಾಖಲೆಗಳ ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ ವಾರವಾರ ಅಚ್ಚು ಹಾಕಿಸುತ್ತಿತ್ತು. ದಾಖಲೆ ತಿದ್ದಬೇಕಾದರೆ ಊರೆಲ್ಲ ಹಂಚಿಹೋದ ಹಳೆಯ ಪತ್ರಿಕೆಗಳನ್ನೂ ತಿದ್ದಬೇಕು! ಎಷ್ಟು ಚೆನ್ನಾದ ಯೋಚನೆ.

ಜಾಸ್ತಿ ಜನ ಕೊಂಡಿಯ ವಿವರಣೆ ಕೇಳಿ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಬರೀ ಕೊಂಡಿ ಇದ್ದರೆ ಸಾಲದು. ಲಕ್ಷಗಟ್ಟಲೆ ಹ್ಯಾಶ್‌ಗಳನ್ನು ಹೊಸದಾಗಿ ಲೆಕ್ಕ ಹಾಕಲು ಸಾಧಾರಣ ಲ್ಯಾಪ್‌ಟಾಪಿಗೆ ಕೆಲವು ಸೆಕೆಂಡು ಸಾಕು. ಅದಕ್ಕೇ ಬಿಟ್‌ಕಾಯಿನ್ ಒಂದು ಷರತ್ತು ಸೇರಿಸಿತು: ಹ್ಯಾಶ್ ಇಷ್ಟು ಸೊನ್ನೆಗಳಿಂದಲೇ ಶುರುವಾಗಬೇಕು. ಮೊಟ್ಟಮೊದಲ ಬ್ಲಾಕಿನ ಹ್ಯಾಶಿಗೆ ಮುಂದೆ 10 ಸೊನ್ನೆಗಳಿವೆ, ಈಗಿನವಕ್ಕೆ ಇನ್ನೂ ಜಾಸ್ತಿ. ಹ್ಯಾಶಿನ ಪ್ರತಿ ಜಾಗದಲ್ಲೂ 16 ಅಕ್ಷರಗಳಲ್ಲಿ ಯಾವುದಾದರೂ ಬರಬಹುದು, ಹಾಗಾಗಿ ಒಂದು ಸೊನ್ನೆ ಹೆಚ್ಚಾದರೆ ಕೆಲಸ 16 ಪಟ್ಟು ಹೆಚ್ಚು. ತಲೆಬರಹದಲ್ಲಿ ಒಂದು ಅಂಕಿ ಬದಲಿಸಿ ಬದಲಿಸಿ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಂಬರ್ ಬೀಗ ಇದ್ದ ಹಾಗೆ: ತೆರೆಯಲು ತಿಣುಕಬೇಕು, ತೆರೆದಿದೆಯೋ ಇಲ್ಲವೋ ನೋಡಿದ ಕೂಡಲೇ ತಿಳಿಯುತ್ತದೆ. ಜಗತ್ತಿನ ಯಂತ್ರಗಳೆಲ್ಲ ಸೇರಿ ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್ ಕಂಡುಹಿಡಿಯುವಂತೆ, ಪ್ರತಿ 2016 ಬ್ಲಾಕಿಗೊಮ್ಮೆ ಕಷ್ಟದ ಮಟ್ಟ ತಾನೇ ಬದಲಾಗುತ್ತದೆ.

170ನೇ ಬ್ಲಾಕಿನ ಕಾಲದಲ್ಲಿ ಈ ಕೆಲಸ ಬಹಳ ಸುಲಭವಿತ್ತು. ಅದೊಂದನ್ನೇ ಮತ್ತೆ ಮಾಡಲು ಬ್ಲಾಕ್ ಹುಡುಕಲೆಂದೇ ಮಾಡಿದ ಇವತ್ತಿನ ಒಂದು ಮೈನಿಂಗ್ ಯಂತ್ರಕ್ಕೆ ಸೆಕೆಂಡೂ ಬೇಡ. ಆದರೆ ಪ್ರತಿಯಿರುವ ಕಂಪ್ಯೂಟರುಗಳೆಲ್ಲ ಒಪ್ಪುವುದು ಒಟ್ಟು ದುಡಿಮೆ ಜಾಸ್ತಿಯಿರುವ ಸರಪಳಿಯನ್ನು ಮಾತ್ರ. ಹಾಗಾಗಿ 2009ರಿಂದ ಇವತ್ತಿನವರೆಗೆ ಎಲ್ಲರೂ ಸೇರಿ ಮಾಡಿದ ದುಡಿಮೆಯನ್ನು ಕಳ್ಳ ಒಬ್ಬನೇ ಮಾಡಿ ಮುಗಿಸಬೇಕು. ಅಷ್ಟರಲ್ಲಿ ಉಳಿದವರು ಸುಮ್ನೆ ಕೂತಿರುವುದಿಲ್ಲ, ಮುಂದಿನ ಬ್ಲಾಕ್ ಸೇರಿಸುತ್ತಲೇ ಇರುತ್ತಾರೆ.

ಸತೋಶಿಯವರ 2008ರ ಪ್ರಬಂಧದಲ್ಲಿ ಇದರ ಲೆಕ್ಕವಿದೆ. ಹಣ ಪಡೆಯುವವರು ಆ ಸಾಲಿರುವ ಬ್ಲಾಕಿನ ಮುಂದೆ ಇನ್ನೂ 5 ಬ್ಲಾಕ್ ಸೇರುವವರೆಗೆ ಕಾದರೆ, ಲೆಕ್ಕ ಹಾಕುವ ಒಟ್ಟು ಶಕ್ತಿಯ ಶೇ. 10 ಇರುವ ಕಳ್ಳ ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಅವನ ಹತ್ತಿರ ಶೇ. 30 ಇದ್ದರೆ ಅದೇ ಸಾಧ್ಯತೆ ಸುಮಾರು ಶೇ. 18ಕ್ಕೆ ಏರುತ್ತದೆ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಇವತ್ತಲ್ಲ ನಾಳೆ ಗೆದ್ದೇ ಗೆಲ್ಲುತ್ತಾನೆ.

ಇಥೀರಿಯಮ್ ಕ್ಲಾಸಿಕ್ ಅನ್ನುವ ಇನ್ನೊಂದು ಬ್ಲಾಕ್‌ಚೈನಿನಲ್ಲಿ ಆದದ್ದು ಇದೇ. ಅದಕ್ಕೆ ದುಡಿಯುವ ಯಂತ್ರಗಳು ಕಡಿಮೆ, ಅಂಥ ಶಕ್ತಿ ಬಾಡಿಗೆಗೂ ಸಿಗುತ್ತಿತ್ತು. 2019ರ ಜನವರಿಯಲ್ಲಿ ಒಮ್ಮೆ, 2020ರ ಆಗಸ್ಟ್‌ನಲ್ಲಿ ಮತ್ತೆ ಮತ್ತೆ ದಾಳಿಯಾಯಿತು. ಆ ಆಗಸ್ಟ್‌ನಲ್ಲಿ ಒಂದೇ ಏಟಿಗೆ 3,000ಕ್ಕೂ ಹೆಚ್ಚು ಬ್ಲಾಕ್‌ಗಳು ಬದಲಾದವು. ಇದೇನೂ ಗುಟ್ಟಾಗಿ ನಡೆಯಲಿಲ್ಲ. ಪ್ರತಿ ಇಟ್ಟುಕೊಂಡಿದ್ದ ಕಂಪ್ಯೂಟರುಗಳಿಗೆ ತಮ್ಮ ಸರಪಳಿಯ ಉದ್ದನೆಯ ತುಂಡು ಕಿತ್ತುಹೋಗಿ ಇನ್ನೊಂದು ಬಂದು ಕೂತದ್ದು ಕಂಡಿತು. ಆಮೇಲೆ ನಾಣ್ಯ ವಿನಿಮಯ ಕಂಪನಿಗಳು, ಕ್ಲಾಸಿಕ್‌ನಲ್ಲಿ ಬಂದ ಹಣವನ್ನು ಖಾತೆಗೆ ಸೇರಿಸುವ ಮೊದಲು ಇನ್ನೂ ಎಷ್ಟೋ ಜಾಸ್ತಿ ಬ್ಲಾಕ್‌ಗಳಿಗೆ ಕಾಯತೊಡಗಿದವು.