ನಿರ್ಧಾರಕ: ಬಿಡಿಸುವುದೋ, ಸಾಲು ಸರಿಪಡಿಸುವುದೋ?

ಒಂದೇ ಲೆಕ್ಕವನ್ನು ಎರಡೂ ದಾರಿಯಲ್ಲಿ ಮಾಡಿ ನೋಡೋಣ.

```
    | 2  3  1 |
D = | 3  5  2 |
    | 4  1  6 |
```

ಮೊದಲು ಕೋಫ್ಯಾಕ್ಟರ್ ದಾರಿ. ಮೊದಲ ಅಡ್ಡಸಾಲನ್ನು ಹಿಡಿದು ಬಿಡಿಸಿದರೆ ಚಿಹ್ನೆಗಳು +, −, + ಎಂದು ಬರುತ್ತವೆ.

```
D = 2(30−2) − 3(18−8) + 1(3−20)
  = 56 − 30 − 17 = 9
```

ಈಗ ಅದನ್ನೇ ಸಾಲುಗಳ ಮೇಲೆ ಕೆಲಸ ಮಾಡಿ ನೋಡೋಣ. ಕರ್ಣದ ಕೆಳಗೆಲ್ಲ ಸೊನ್ನೆ ಬಂದರೆ ಸಾಕು, ಕರ್ಣದ ಸಂಖ್ಯೆಗಳ ಗುಣಲಬ್ಧವೇ ಉತ್ತರ. ಭಿನ್ನರಾಶಿ ಬೇಡ ಅಂತ ಬಹಳ ಜನ ಹೀಗೆ ಮಾಡುತ್ತಾರೆ:

```
R2 → 2R2 − 3R1 :  0   1   1
R3 → R3 − 2R1  :  0  −5   4
R3 → R3 + 5R2  :  0   0   9
```

ಕರ್ಣದಲ್ಲಿ 2, 1, 9. ಗುಣಿಸಿದರೆ 18. ಆದರೆ ಉತ್ತರ 9 ಅಲ್ವಾ? ತಪ್ಪಿರುವುದು ಮೊದಲ ಹೆಜ್ಜೆಯಲ್ಲಿ. `2R2 − 3R1` ಎಂದು ಬರೆದಾಗ ಒಂದೇ ಸಾಲಿನಲ್ಲಿ ಎರಡು ಕೆಲಸ ನಡೆದಿವೆ. R2 ಅನ್ನು 2ರಿಂದ ಗುಣಿಸಿದ್ದೇವೆ, ಆಮೇಲೆ 3R1 ಕಳೆದಿದ್ದೇವೆ. ಕಳೆದದ್ದರಿಂದ ಏನೂ ಬದಲಾಗಲಿಲ್ಲ. ಗುಣಿಸಿದ್ದರಿಂದ ಬೆಲೆ ಎರಡರಷ್ಟಾಯಿತು. ಹಾಗಾಗಿ 18ನ್ನು 2ರಿಂದ ಭಾಗಿಸಲೇಬೇಕು.

ಕಳೆದರೆ ಯಾಕೆ ಬದಲಾಗುವುದಿಲ್ಲ? R2 ಜಾಗದಲ್ಲಿ `R2 + kR1` ಇಟ್ಟರೆ ನಿರ್ಧಾರಕ ಎರಡು ತುಂಡಾಗುತ್ತದೆ. ಒಂದು ಹಳೆಯದೇ. ಇನ್ನೊಂದು, R2 ಜಾಗದಲ್ಲೂ R1 ಕೂತಿರುವ ನಿರ್ಧಾರಕದ k ಪಟ್ಟು. ಎರಡು ಸಾಲು ಒಂದೇ ಆದರೆ ಬೆಲೆ ಸೊನ್ನೆ. ಯಾಕೆಂದರೆ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಚಿಹ್ನೆ ತಿರುಗಬೇಕು. ಆದರೆ ಇಲ್ಲಿ ಅದಲುಬದಲು ಮಾಡಿದರೂ ನಿರ್ಧಾರಕ ಹಾಗೇ ಇರುತ್ತದೆ. ತನ್ನದೇ ಋಣಕ್ಕೆ ಸಮನಾಗುವ ಸಂಖ್ಯೆ ಸೊನ್ನೆ ಒಂದೇ.

ಒಂದು ಸಾಲನ್ನು k ಇಂದ ಗುಣಿಸಿದರೆ ಬೆಲೆ k ಪಟ್ಟು. ಇಡೀ 3×3 ಮಾತೃಕೆಯನ್ನು 2ರಿಂದ ಗುಣಿಸಿದರೆ ಮೂರು ಸಾಲಿಗೂ ಒಂದೊಂದು 2 ಬಂದು ಬೆಲೆ 8 ಪಟ್ಟು ಆಗುತ್ತದೆ. ಪರೀಕ್ಷೆಯಲ್ಲಿ ಇಲ್ಲಿ ಸುಮ್ನೆ ಅಂಕ ಹೋಗುತ್ತದೆ. ಲೆಕ್ಕದ ಪಕ್ಕದಲ್ಲೇ `×2`, `×(−1)` ಎಂದು ಬರೆಯುತ್ತಾ ಹೋಗಿ. ನಿಮ್ಮ ಉತ್ತರ ಸರಿಯಾದದ್ದರ ಎರಡರಷ್ಟೋ ಮೂರರಷ್ಟೋ ಇದ್ದರೆ, ಅಥವಾ ಬರೀ ಚಿಹ್ನೆ ಬೇರೆ ಇದ್ದರೆ, ಈ ಗುರುತುಗಳಲ್ಲೊಂದು ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ.

3×3ಕ್ಕೆ ಎರಡೂ ದಾರಿ ಹೆಚ್ಚುಕಡಿಮೆ ಒಂದೇ. 10×10ಕ್ಕೆ ಹೋದರೆ ಪೂರ್ತಿ ಬಿಡಿಸಿದಾಗ 10!, ಅಂದರೆ 36,28,800 ಪದಗಳು ಬರುತ್ತವೆ. ಸಾಲು ಸರಿಪಡಿಸಿದರೆ ಕೆಲವು ನೂರು ಗುಣಾಕಾರಗಳಲ್ಲಿ ಮುಗಿಯುತ್ತದೆ. ಆದರೆ ಮಾತೃಕೆಯಲ್ಲಿ x ನಂಥ ಅಕ್ಷರ ಇದ್ದರೆ, ಅದರಿಂದ ಭಾಗಿಸುವಾಗ ಅದು ಸೊನ್ನೆಯಾದರೆ ಏನು ಎಂಬ ತೊಡಕು ಬರುತ್ತದೆ. ಅಲ್ಲಿ ಬಿಡಿಸುವುದೇ ವಾಸಿ. ಒಂದು ಸಾಲಿನಲ್ಲಿ ಸೊನ್ನೆ ಜಾಸ್ತಿ ಇದ್ದರೂ ಅಷ್ಟೇ.

ನನಗೆ ಇಷ್ಟವಾದದ್ದು ಎರಡನ್ನೂ ಬೆರೆಸುವುದು. `R2 − (3/2)R1` ಮತ್ತು `R3 − 2R1` ಮಾಡಿ ಮೊದಲ ಕಂಬಸಾಲಿನಲ್ಲಿ ಸೊನ್ನೆ ತಂದು, ಅದೇ ಕಂಬಸಾಲಿನಿಂದ ಬಿಡಿಸಿ:

```
D = 2 × | 1/2  1/2 |  =  2(2 + 5/2)  =  9
        | −5    4  |
```