ಕೈವಾರದ ವೃತ್ತಕ್ಕೆ ರೈಲು ಹಳಿ ಕಾಣುವುದಿಲ್ಲ

ಬಸ್ ಸ್ಟಾಪಿಗೆ ನಡೆದು ಬರಬಲ್ಲವರು ಎಷ್ಟು ಜನ? ನಗರ ಯೋಜನೆಯ ನಕ್ಷೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ವೃತ್ತ. ಸ್ಟಾಪಿನ ಮೇಲೆ ಕೈವಾರ ಊರಿ, 500 ಮೀಟರೋ 600 ಮೀಟರೋ ತ್ರಿಜ್ಯ ಹಿಡಿದು ಸುತ್ತಿಸಿ, ಒಳಗೆ ಬಿದ್ದ ಮನೆಗಳನ್ನೆಲ್ಲ ಎಣಿಸುತ್ತಾರೆ. ಕಂಪ್ಯೂಟರಿನಲ್ಲಿ ಅರ್ಧ ನಿಮಿಷದ ಕೆಲಸ. ಆದರೆ ತುಮಕೂರಿನಂಥ ಊರಿನಲ್ಲಿ ಈ ವೃತ್ತ ಬಹಳ ಸುಳ್ಳು ಹೇಳುತ್ತದೆ. ಊರಿನ ಮೈಮೇಲೆ ರೈಲು ಹಳಿ ಹಾದುಹೋಗಿದೆ, ಮಧ್ಯದಲ್ಲಿ ಅಮಾನಿಕೆರೆ ಇದೆ, ಬಿ.ಎಚ್. ರಸ್ತೆಯ ನಡುವೆ ಡಿವೈಡರ್ ಇದೆ. ಶೆಟ್ಟಿಹಳ್ಳಿ, ಉಪ್ಪಾರಹಳ್ಳಿ ಕಡೆಯವರಿಗೆ ಊರಿನ ಮುಖ್ಯ ರಸ್ತೆ ಎಷ್ಟು ದೂರ ಎನ್ನುವುದು ಕೊನೆಗೆ ಹಳಿ ದಾಟುವ ಜಾಗ ಎಲ್ಲಿದೆ ಎನ್ನುವ ಪ್ರಶ್ನೆಯೇ. ವೃತ್ತಕ್ಕೆ ಇದು ಯಾವುದೂ ಕಾಣುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ಜಾಗದ ಸ್ವಭಾವ ಮಾತ್ರ ಈ ಊರಿನದೇ. ಬಿ.ಎಚ್. ರಸ್ತೆಯಲ್ಲಿ ಒಂದು ಸ್ಟಾಪ್, ಅದರ ಹಿಂಬದಿಗೆ ರಸ್ತೆಗೆ ಸಮಾನಾಂತರವಾಗಿ ಹಳಿ. ಹಳಿಯಾಚೆ ಒಂದು ಮನೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಸ್ಟಾಪಿನಿಂದ ಆ ಮನೆಗೆ 245 ಮೀಟರೂ ಇಲ್ಲ. ಆದರೆ ನಡೆಯುವವರು ಮೊದಲು ಮುಖ್ಯ ರಸ್ತೆಯಲ್ಲಿ 400 ಮೀಟರ್ ಹೋಗಿ, ಅಲ್ಲಿಂದ ತಿರುಗಿ ಅಂಡರ್‌ಪಾಸ್ ಮೂಲಕ 230 ಮೀಟರ್ ದಾಟಿ, ಹಳಿಯಾಚೆಯ ಬೀದಿಯಲ್ಲಿ ಮತ್ತೆ 320 ಮೀಟರ್ ವಾಪಸ್ ಬರಬೇಕು. ಒಟ್ಟು 950 ಮೀಟರ್. ಗಂಟೆಗೆ 4.5 ಕಿಲೋಮೀಟರ್, ಅಂದರೆ ನಿಮಿಷಕ್ಕೆ 75 ಮೀಟರ್ ನಡಿಗೆಯಲ್ಲಿ ಇದು ಸುಮಾರು ಹನ್ನೆರಡೂಮುಕ್ಕಾಲು ನಿಮಿಷ. ಎಂಟು ನಿಮಿಷದ ನಡಿಗೆಯನ್ನು ಮಿತಿಯಾಗಿ ಇಟ್ಟುಕೊಂಡರೆ ಈ ಮನೆ ಸ್ಟಾಪಿನ ವ್ಯಾಪ್ತಿಗೆ ಬರುವುದೇ ಇಲ್ಲ. ಅದೇ ಹೊತ್ತಿಗೆ ಹಳಿಯ ಈಚೆ, ನೇರಗೆರೆಯಲ್ಲಿ 560 ಮೀಟರ್ ದೂರದ ಇನ್ನೊಂದು ಮನೆಯವರು 590 ಮೀಟರ್ ನಡೆದು ಎಂಟು ನಿಮಿಷದೊಳಗೆ ಬಂದು ನಿಲ್ಲುತ್ತಾರೆ. ಹತ್ತಿರದ ಮನೆ ಹೊರಗೆ, ದೂರದ ಮನೆ ಒಳಗೆ. ತ್ರಿಜ್ಯವನ್ನು ಎಷ್ಟೇ ಹಿಗ್ಗಿಸಿ ಕುಗ್ಗಿಸಿದರೂ ಈ ಎರಡು ಮನೆಗಳನ್ನು ಒಂದು ವೃತ್ತ ಸರಿಯಾಗಿ ಬೇರ್ಪಡಿಸಲಾರದು.

ಹಳಿ, ಕೆರೆ ಯಾವುದೂ ಅಡ್ಡ ಇಲ್ಲದ ಊರಿನಲ್ಲಾದರೂ ವೃತ್ತ ಸರಿಯೇ ಎಂದರೆ ಅಲ್ಲೂ ಅಲ್ಲ. ಮೇನ್ ಮತ್ತು ಕ್ರಾಸ್‌ಗಳು ಚದುರಂಗದ ಮಣೆಯಂತೆ ಒತ್ತೊತ್ತಾಗಿರುವ ಅತ್ಯುತ್ತಮ ಲೇಔಟ್ ಒಂದನ್ನು ಊಹಿಸಿಕೊಳ್ಳಿ. ಅಲ್ಲಿ 600 ಮೀಟರ್ ನಡೆದು ತಲುಪಬಹುದಾದ ಜಾಗ ವಜ್ರಾಕಾರದ ಚೌಕ. ಅದರ ವಿಸ್ತೀರ್ಣ 2r², ವೃತ್ತದ್ದು πr². ಭಾಗಿಸಿದರೆ ಸಿಗುವುದು ಸುಮಾರು ಶೇ 64. ಅಂದರೆ 113 ಹೆಕ್ಟೇರಿನ ವೃತ್ತದಲ್ಲಿ ಕೈಗೆ ಸಿಗುವುದು 72 ಹೆಕ್ಟೇರ್. ಚೌಕಳಿ ಬೀದಿಗಳ ಲೇಔಟ್ ಕೂಡ ವೃತ್ತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಕೊನೆಮುಚ್ಚಿದ ಗಲ್ಲಿಗಳೂ ಉದ್ದನೆಯ ಕಾಂಪೌಂಡ್‌ಗಳೂ ಸೇರಿಕೊಂಡರೆ ಇದು ಇನ್ನೂ ಇಳಿಯುತ್ತದೆ.

ಹಾಗಾದರೆ ಎಂಟು ನಿಮಿಷದಲ್ಲಿ ನಿಜಕ್ಕೂ ನಡೆದು ಮುಟ್ಟಬಹುದಾದ ಜಾಗವನ್ನು, ಅಂದರೆ ಸಮಯದ ವ್ಯಾಪ್ತಿಯನ್ನು ಕಟ್ಟುವುದು ಹೇಗೆ? ಬೇಕಾದದ್ದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಂಡ ಬೀದಿಗಳ ಪದರ, ಸ್ಟಾಪುಗಳ ಬಿಂದುಗಳು, ಮತ್ತು ಹಣ ಕೊಡದೆ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ. ಮೊದಲು ಪದರಗಳನ್ನು ಮೀಟರಿನ ಅಳತೆಗೆ ತನ್ನಿ. ತುಮಕೂರಿಗೂ ಚಿಕ್ಕಬಳ್ಳಾಪುರಕ್ಕೂ `EPSG:32643` ಎಂಬ ನಿರ್ದೇಶಾಂಕ ಪದ್ಧತಿ ಸರಿ. ಕೋಲಾರ ಪಟ್ಟಣ 78 ಡಿಗ್ರಿ ರೇಖಾಂಶದ ಆಚೆ ಬೀಳುವುದರಿಂದ ಅಲ್ಲಿಗೆ `EPSG:32644`. ಆಮೇಲೆ `Service area (from layer)` ಎಂಬ ಸಾಧನ ತೆರೆದು, ಮಾರ್ಗದ ಬಗೆಗೆ `Fastest` ಆರಿಸಿ, `Default speed (km/h)` ಜಾಗದಲ್ಲಿ 4.5 ಹಾಕಿ.

ಇಲ್ಲೇ ಎರಡು ಕಡೆ ಜನ ಎಡವುತ್ತಾರೆ. `Travel cost` ಎಂಬ ಖಾನೆ ಈ ಬಗೆಯಲ್ಲಿ ಕೇಳುವುದು ಗಂಟೆಗಳನ್ನು, ನಿಮಿಷಗಳನ್ನಲ್ಲ. ಎಂಟು ನಿಮಿಷಕ್ಕೆ 0.1333 ಹಾಕಬೇಕು. 8 ಎಂದು ಹಾಕಿದರೆ ಎಂಟು ಗಂಟೆಯ ನಡಿಗೆ, 36 ಕಿಲೋಮೀಟರ್. ಇಡೀ ತುಮಕೂರು ಒಂದೇ ಬಣ್ಣವಾಗಿ ಬಂದರೆ ತಪ್ಪು ಅಲ್ಲಿದೆ ಎಂದು ತಿಳಿಯಿರಿ. ಎರಡನೆಯದು ವೇಗದ ಕಾಲಂ. ಓಪನ್‌ಸ್ಟ್ರೀಟ್‌ಮ್ಯಾಪ್‌ನ `maxspeed` ಅನ್ನು ಅಲ್ಲಿ ಜೋಡಿಸಿಬಿಟ್ಟರೆ ಪಾದಚಾರಿಗಳು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡತೊಡಗುತ್ತಾರೆ. ವೇಗದ ಕಾಲಂ, ದಿಕ್ಕಿನ ಕಾಲಂ ಎರಡನ್ನೂ ಖಾಲಿ ಬಿಡಿ. ಒನ್‌ವೇ ಬೋರ್ಡು ಇರುವುದು ಗಾಡಿಗಳಿಗೆ, ನಡೆಯುವವರಿಗಲ್ಲ.

ಫಲಿತಾಂಶವಾಗಿ ಬರುವುದು ಗೆರೆಗಳು: ಎಂಟು ನಿಮಿಷದಲ್ಲಿ ತಲುಪಬಹುದಾದ ಬೀದಿಗಳ ತುಂಡುಗಳು. ಬಂದ ಗೆರೆಗಳು ಸ್ಟಾಪಿನ ಸುತ್ತ ಎರಡು ಬೀದಿಗೇ ನಿಂತುಹೋಗಿದ್ದರೆ ಬೀದಿಗಳ ಪದರವನ್ನು ಅನುಮಾನಿಸಿ. ಈ ಸಾಧನಕ್ಕೆ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದರೆ ಸಾಲದು, ಕೂಡುವ ಜಾಗದಲ್ಲಿ ಎರಡಕ್ಕೂ ಒಂದೇ ಬಿಂದು ಇರಬೇಕು. ಕೈಯಲ್ಲಿ ಬಿಡಿಸಿದ ಬಡಾವಣೆ ನಕ್ಷೆಗಳಲ್ಲಿ ಕ್ರಾಸು ಮೇನಿಗೆ ಅರ್ಧ ಮೀಟರ್ ಈಚೆಗೇ ನಿಂತುಬಿಟ್ಟಿರುತ್ತದೆ. ಕಣ್ಣಿಗೆ ಕೂಡಿದಂತೆ ಕಂಡರೂ ಲೆಕ್ಕಕ್ಕೆ ಅದು ಗೋಡೆ. ಮೇನಿನ ಗೆರೆಯಲ್ಲೂ ಅಲ್ಲಿ ಒಂದು ಬಿಂದು ಇದ್ದರೆ, `Topology tolerance` ಅನ್ನು 1 ಮೀಟರಿಗೆ ಇಟ್ಟಾಗ ಇಂಥ ಸಣ್ಣ ಸಂದುಗಳು ಮುಚ್ಚಿಕೊಳ್ಳುತ್ತವೆ. ಅತಿಯಾಸೆಗೆ 10 ಮೀಟರ್ ಕೊಟ್ಟರೆ ಡಿವೈಡರಿನ ಎರಡು ಪಕ್ಕಗಳೂ ಬೆಸೆದುಕೊಂಡು, ಇಲ್ಲದ ದಾರಿ ಹುಟ್ಟಿಕೊಳ್ಳುತ್ತದೆ.

ಈ ಗೆರೆಗಳನ್ನು ಪ್ರದೇಶವಾಗಿ ಮಾಡುವಾಗ ಹೆಚ್ಚಿನವರು ಹೊರಬಿಂದುಗಳಿಗೆಲ್ಲ ದಾರ ಸುತ್ತಿದಂತೆ ಒಂದು ಹೊದಿಕೆ ಎಳೆದುಬಿಡುತ್ತಾರೆ. ಹಾಗೆ ಮಾಡಿದರೆ ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮ. ಸುತ್ತಿದ ದಾರದೊಳಗೆ ಕೆರೆಯೂ ಬರುತ್ತದೆ, ಹಳಿಯಾಚೆಯ ಮನೆಗಳೂ ಬರುತ್ತವೆ. ಅದಕ್ಕಿಂತ ಗೆರೆಗಳ ಎರಡೂ ಬದಿಗೆ 25 ಮೀಟರ್ ಅಂಚು ಕೊಡುವುದು ಲೇಸು. ಜನಗಣತಿಯ ವಾರ್ಡ್ ಜನಸಂಖ್ಯೆಯನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹಂಚುವ ಪದ್ಧತಿಯಂತೂ ಕೆರೆಯಿರುವ ವಾರ್ಡಿನಲ್ಲಿ ನೀರಿನ ಮೇಲೂ ಜನರನ್ನು ಕೂರಿಸುತ್ತದೆ. ನನ್ನನ್ನು ಕೇಳಿದರೆ ಪ್ರದೇಶ ಎಂಬ ಬಣ್ಣದ ತೇಪೆ ವರದಿಯ ಮುಖಪುಟಕ್ಕೆ ಮಾತ್ರ. ಎಣಿಕೆಗೆ ಒಂದೊಂದು ಕಟ್ಟಡಕ್ಕೂ ಅದರದೇ ನಿಮಿಷ ಹಾಕಬೇಕು.

ಕಟ್ಟಡಕ್ಕೆ ನಿಮಿಷ ಹಾಕಲು ಅದನ್ನು ಯಾವುದಾದರೂ ಬೀದಿಗೆ ಜೋಡಿಸಬೇಕು. ಇಡೀ ಕೆಲಸದಲ್ಲಿ ಕಣ್ಣಿಗೆ ಬೀಳದ ತಪ್ಪು ಇರುವುದು ಇಲ್ಲಿ. ಹಳಿಗೆ ಬೆನ್ನು ಹಾಕಿ ನಿಂತ ಮನೆಗೆ ಅತಿ ಹತ್ತಿರದ ಬೀದಿ ಹಳಿಯ ಆ ಪಕ್ಕದ್ದೇ ಆಗಿರಬಹುದು. ಕಂಪ್ಯೂಟರ್ ಯೋಚನೆ ಮಾಡದೆ ಮನೆಯನ್ನು ಹಳಿ ದಾಟಿಸಿ ಅಲ್ಲಿಗೆ ಕಟ್ಟುತ್ತದೆ. ಹದಿಮೂರು ನಿಮಿಷದ ಮನೆ ಒಂದೇ ಏಟಿಗೆ ನಾಲ್ಕು ನಿಮಿಷದ್ದಾಗುತ್ತದೆ. ಹಿಡಿಯುವ ದಾರಿ ಸುಲಭ: `Shortest line between features` ಬಳಸಿ ಪ್ರತಿ ಮನೆಯಿಂದ ಅದರ ಬೀದಿಗೆ ಗೆರೆ ಎಳೆಯಿರಿ, ಅದರ ಮೇಲೆ ಹಳಿ, ಕೆರೆ, ರಾಜಕಾಲುವೆಗಳ ಪದರ ಹಾಸಿ, ಅವನ್ನು ದಾಟಿದ ಗೆರೆಗಳನ್ನು ಆರಿಸಿ ತೆಗೆಯಿರಿ. ಆ ಮನೆಗಳನ್ನು ಅವುಗಳ ಬಾಗಿಲಿರುವ ಬೀದಿಗೆ ಕೈಯಿಂದಲೇ ಜೋಡಿಸಿ.

ಸ್ಟಾಪುಗಳು ಹತ್ತಾರಾದಾಗ ಇನ್ನೊಂದು ತೊಡಕು. ಅಕ್ಕಪಕ್ಕದ ಎರಡು ಸ್ಟಾಪುಗಳ ವ್ಯಾಪ್ತಿಗಳು ಒಂದರ ಮೇಲೊಂದು ಬೀಳುವುದರಿಂದ ಒಂದೇ ಮನೆ ಎರಡು ಸಲ ಎಣಿಕೆಗೆ ಸಿಗುತ್ತದೆ. ಪೈಥಾನ್ ಬಲ್ಲವರು ಇದನ್ನು ಒಂದೇ ಓಟದಲ್ಲಿ ಬಗೆಹರಿಸಬಹುದು:

```python
for u, v, k, d in G.edges(keys=True, data=True):
    d["nimisha"] = d["length"] / 75
t = nx.multi_source_dijkstra_path_length(
    G, stops, cutoff=8, weight="nimisha")
```

ಇಲ್ಲಿ `nx` ಎಂದರೆ ಮೊದಲೇ ಇಂಪೋರ್ಟ್ ಮಾಡಿಕೊಂಡ `networkx`, `G` ಎಂದರೆ ನಡಿಗೆಯ ಜಾಲ, `stops` ಎಂದರೆ ಎಲ್ಲ ಸ್ಟಾಪುಗಳಿಗೆ ಹತ್ತಿರದ ಕೂಡುಬಿಂದುಗಳು. ಲೆಕ್ಕ ಎಲ್ಲ ಸ್ಟಾಪುಗಳಿಂದಲೂ ಏಕಕಾಲಕ್ಕೆ ಹೊರಟು, ಪ್ರತಿ ಕೂಡುಬಿಂದುವಿಗೂ ಅತಿ ಕಡಿಮೆ ನಿಮಿಷವನ್ನು ಒಂದೇ ಸಲ ಬರೆದಿಡುತ್ತದೆ. ಒಂದು ಎಚ್ಚರಿಕೆ: ಇದು ಬರೆಯುವುದು ಕೂಡುಬಿಂದುಗಳಿಗೆ ಮಾತ್ರ. ನಡುವೆ ಕ್ರಾಸೇ ಇಲ್ಲದ ಉದ್ದ ಬೀದಿಯ ಆಚೆ ತುದಿ ಎಂಟು ನಿಮಿಷ ಮೀರಿದರೆ, ಈಚೆಯ ಮುಕ್ಕಾಲು ಬೀದಿಯೂ ಲೆಕ್ಕದಿಂದ ಜಾರಿಹೋಗುತ್ತದೆ. ಊರಂಚಿನ ಹೊಸ ಲೇಔಟ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಬೀದಿಗಳನ್ನು ಮೊದಲೇ 50 ಮೀಟರ್ ತುಂಡುಗಳಾಗಿ ಕತ್ತರಿಸಿಟ್ಟರೆ ಪರಿಹಾರ.

ಡಿವೈಡರ್ ಇರುವ ರಸ್ತೆಯಲ್ಲಿ ಸ್ಟಾಪ್ ಒಂದಲ್ಲ, ಎರಡು. ಬೆಳಿಗ್ಗೆ ಬೆಂಗಳೂರು ಕಡೆಗೆ ಹೋಗುವವರು ಒಂದು ಪಕ್ಕ ಹತ್ತುತ್ತಾರೆ, ಸಂಜೆ ಬಂದು ಎದುರಿನ ಪಕ್ಕ ಇಳಿಯುತ್ತಾರೆ. ಮನೆ ಯಾವ ಪಕ್ಕ ಇದ್ದರೂ ದಿನಕ್ಕೊಮ್ಮೆ ರಸ್ತೆ ದಾಟಲೇಬೇಕು. ಎರಡೂ ಸ್ಟಾಪುಗಳಿಗೆ ಬೇರೆ ಬೇರೆಯಾಗಿ ಲೆಕ್ಕ ಮಾಡಿ, ಮನೆಗೆ ಎರಡರಲ್ಲಿ ಹೆಚ್ಚಿನ ನಿಮಿಷವನ್ನೇ ಕೊಡುವುದು ನ್ಯಾಯ. ದಾಟುವ ಜಾಗಕ್ಕೆ ಒಂದು ನಿಮಿಷ ಕಾಯುವ ಹೊತ್ತು ಸೇರಿಸಿದರೆ ವ್ಯಾಪ್ತಿ ಅಲ್ಲಿಂದ ಮುಂದೆ 75 ಮೀಟರ್ ಕುಗ್ಗುತ್ತದೆ. ನಿಧಾನ ನಡೆಯುವ ಹಿರಿಯರಿಗೆ ನಿಮಿಷಕ್ಕೆ 60 ಮೀಟರ್ ಹಿಡಿಯಿರಿ. ಆಗ ಎಂಟು ನಿಮಿಷಕ್ಕೆ ಸಿಗುವುದು 480 ಮೀಟರ್, ಮೇಲಿನ ಉದಾಹರಣೆಯ ಎರಡನೇ ಮನೆಯೂ ಹೊರಗೆ.

ಹಳಿಯ ಪಕ್ಕದ ಗೋಡೆ ಒಡೆದು ಜನ ದಾಟುವ ಕಂಡಿಗಳನ್ನು ದಾರಿ ಎಂದು ಸೇರಿಸಬೇಕೇ? ನಿಜಕ್ಕೂ ಅಲ್ಲಿ ಜನ ಓಡಾಡುತ್ತಾರೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಂಥ ಕಾಲುದಾರಿಯನ್ನು ಯಾರೋ ಬಿಡಿಸಿಯೂ ಇರಬಹುದು. ಆದರೆ ಹಾಗೆ ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಪ್ರಾಣಾಪಾಯ ಬೇರೆ. ಅದನ್ನು ಜಾಲದಲ್ಲಿ ಇಟ್ಟರೆ ಹಳಿಯಾಚೆಯವರಿಗೆ ಸ್ಟಾಪ್ ಹತ್ತಿರವಿದೆ ಎಂದು ನಕ್ಷೆ ಹೇಳುತ್ತದೆ, ಅವರಿಗೆ ಬೇಕಾದ ಮೇಲ್ಸೇತುವೆಯ ಕಡತ ಅಲ್ಲಿಗೇ ಮುಚ್ಚುತ್ತದೆ. ಕಂಡಿಯನ್ನು ಅಳಿಸಿಯೇ ಲೆಕ್ಕ ಮಾಡಬೇಕು. ಆಮೇಲೆ ಅದನ್ನು ಸೇರಿಸಿ ಇನ್ನೊಮ್ಮೆ ಓಡಿಸಿ, ಎರಡರ ನಡುವೆ ವ್ಯತ್ಯಾಸವಾಗುವ ಮನೆಗಳನ್ನು ಪಟ್ಟಿ ಮಾಡಿ. ಹಳಿ ಮೇಲೆ ಕಾಲಿಡುತ್ತಿರುವವರು ಯಾವ ಬೀದಿಯವರು ಎನ್ನುವುದಕ್ಕೆ ಆ ಪಟ್ಟಿಗಿಂತ ಒಳ್ಳೆಯ ಸುಳಿವು ಇಲ್ಲ.

ಮಳೆಗಾಲಕ್ಕೂ ಇದೇ ಉಪಾಯ. ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತ ದಿನ ಆ ದಾರಿ ಇಲ್ಲದಂತೆಯೇ. ಆ ಒಂದು ಗೆರೆಯನ್ನು ತೆಗೆದು ಮತ್ತೆ ಓಡಿಸಿದರೆ ಹಳಿಯಾಚೆಯ ಮನೆಯ 950 ಮೀಟರ್ ಮುಂದಿನ ದಾಟುವ ಜಾಗದವರೆಗೆ ಉದ್ದವಾಗುತ್ತದೆ. ಅದು ಇನ್ನೊಂದು ಕಿಲೋಮೀಟರ್ ಆಚೆ ಇದ್ದರೆ ಹೋಗಿ ಬರುವ ಸುತ್ತು ಸೇರಿ ನಡಿಗೆ ಮೂರು ಕಿಲೋಮೀಟರಿಗೆ ಮುಟ್ಟುತ್ತದೆ, ಸುಮಾರು 40 ನಿಮಿಷ.

ಲೆಕ್ಕ ಮುಗಿದ ಮೇಲೆ ನಾಲ್ಕೈದು ಮನೆಗಳನ್ನು ಆರಿಸಿಕೊಂಡು, ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ ನಡೆದು ನೋಡಿ. ಒಂದಾದರೂ ಹಳಿಯಾಚೆಯದಿರಲಿ, ಒಂದು ಡಿವೈಡರಿನ ಎದುರು ಪಕ್ಕದ್ದು. ನಕ್ಷೆ ಎಂಟು ನಿಮಿಷ ಎಂದು ಹೇಳಿ ನಿಮ್ಮ ನಡಿಗೆ ಒಂಬತ್ತು ತೋರಿಸಿದರೆ ಚಿಂತೆಯಿಲ್ಲ. ಹನ್ನೆರಡು ತೋರಿಸಿದರೆ, ನಕ್ಷೆಯಲ್ಲಿ ತೆರೆದಿರುವ ಯಾವುದೋ ಗೇಟು ಬೀದಿಯಲ್ಲಿ ಬೀಗ ಹಾಕಿಕೊಂಡಿದೆ. ಅದು ಯಾವುದು, ಎಷ್ಟು ಗಂಟೆಗೆ ತೆರೆಯುತ್ತಾರೆ ಎಂದು ಪಕ್ಕದ ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ.