ಮೆಣಸಿನಕಾಯಿ ಎಷ್ಟು, ಗೋವಿನಜೋಳ ಎಷ್ಟು? ಎಲ್‌ಪಿಪಿ ಗ್ರಾಫ್ ಲೆಕ್ಕ

ಆಪರೇಷನ್ಸ್ ರಿಸರ್ಚ್‌ನ ಲೀನಿಯರ್ ಪ್ರೋಗ್ರಾಮಿಂಗ್ ಅಸೈನ್‌ಮೆಂಟಿಗೆ ನಮ್ಮ ಹಾವೇರಿ ಕಡೆಯ ಹೊಲವನ್ನೇ ತಗೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

ಬ್ಯಾಡಗಿ ಹತ್ತಿರ ಒಬ್ಬ ರೈತರಿಗೆ 10 ಎಕರೆ ಹೊಲ ಇದೆ. ಮೆಣಸಿನಕಾಯಿಗೆ ಎಕರೆಗೆ 60 ಆಳು, 40 ಸಾವಿರ ರೂಪಾಯಿ ಖರ್ಚು. ಗೋವಿನಜೋಳಕ್ಕೆ 20 ಆಳು, 20 ಸಾವಿರ. ಮೆಣಸಿನಕಾಯಿಯನ್ನು ಹಲವು ಸಲ ಬಿಡಿಸಬೇಕು, ಅದಕ್ಕೇ ಅಷ್ಟು ಆಳು. ಸಿಗುವುದು ಒಟ್ಟು 360 ಆಳು, ಕೈಯಲ್ಲಿರುವುದು 2 ಲಕ್ಷ 60 ಸಾವಿರ. ಲಾಭ ಎಕರೆಗೆ ಮೆಣಸಿನಕಾಯಿಯಲ್ಲಿ 45 ಸಾವಿರ, ಜೋಳದಲ್ಲಿ 20 ಸಾವಿರ.

ಮೊದಲು ವೇರಿಯೇಬಲ್‌ಗಳನ್ನು ಸರಿಯಾಗಿ ಬರೆಯಿರಿ. 'x ಅಂದರೆ ಮೆಣಸಿನಕಾಯಿ' ಅಂತ ಬಿಟ್ಟರೆ ಸಾಲದು. x ಅಂದರೆ ಮೆಣಸಿನಕಾಯಿ ಹಾಕುವ ಎಕರೆ, y ಅಂದರೆ ಜೋಳ ಹಾಕುವ ಎಕರೆ. Z ಅಂದರೆ ಒಟ್ಟು ಲಾಭ. ಹಣವನ್ನೆಲ್ಲ ಸಾವಿರದಲ್ಲಿ ಬರೆದರೆ:

```
Max Z = 45x + 20y
x + y ≤ 10
60x + 20y ≤ 360
40x + 20y ≤ 260
x, y ≥ 0
```

ಪ್ರತಿ ಗೆರೆ ಎಳೆಯಲು ಒಮ್ಮೆ x = 0, ಒಮ್ಮೆ y = 0 ಇಡಿ. ಹೊಲದ ಗೆರೆ (10, 0), (0, 10) ಮೂಲಕ ಹೋಗುತ್ತದೆ. ಆಳಿನದು (6, 0), (0, 18). ಹಣದ್ದು (6.5, 0), (0, 13). ಎಲ್ಲವೂ ≤ ಇರುವುದರಿಂದ ಮೂಲಬಿಂದುವಿನ ಕಡೆ ಶೇಡ್ ಮಾಡಿ. ಎಲ್ಲ ಶೇಡ್ ಕೂಡುವ ಜಾಗವೇ ಫೀಸಿಬಲ್ ರೀಜನ್, ಉತ್ತರವನ್ನು ಅದರ ಮೂಲೆಗಳಲ್ಲಿ ಹುಡುಕಬೇಕು.

ಜಾಸ್ತಿ ಜನ ಎಡವುವುದು ಮುಂದೆ. ಹೊಲದ ಗೆರೆ ಮತ್ತು ಆಳಿನ ಗೆರೆ (4, 6)ರಲ್ಲಿ ಕೂಡುತ್ತವೆ. ಅಲ್ಲಿ Z = 300. ನೋಡಿದರೆ ಇದೇ ಉತ್ತರ ಅನ್ನಿಸುತ್ತದೆ. ಆದರೆ ಖರ್ಚು ಹಾಕಿ ನೋಡಿ: 160 + 120 = 280, ಇರುವುದು 260. ಹಾಗಾಗಿ ಆ ಬಿಂದು ಫೀಸಿಬಲ್ ರೀಜನ್ ಹೊರಗಿದೆ. ಗೆರೆಗಳು ಕೂಡಿದ ಕಡೆಯೆಲ್ಲ ಮೂಲೆ ಆಗುವುದಿಲ್ಲ. ಉಳಿದ ಕನ್‌ಸ್ಟ್ರೇಂಟ್‌ಗಳಿಗೂ ಹೊಂದಿದರೆ ಮಾತ್ರ ಮೂಲೆ. ಗ್ರಾಫ್ ಶೀಟಿನಲ್ಲಿ ಈ ಮೂರು ಗೆರೆಗಳು ಹತ್ತಿರ ಹತ್ತಿರ ಬರುತ್ತವೆ, ಕಣ್ಣನ್ನೇ ನಂಬಬೇಡಿ. ಸಮೀಕರಣ ಬಿಡಿಸಿಯೇ ಬಿಂದು ಬರೆಯಿರಿ.

ನಿಜವಾದ ಮೂಲೆಗಳು (0, 0), (6, 0), (5, 3), (3, 7), (0, 10). ಅಲ್ಲಿ Z ಕ್ರಮವಾಗಿ 0, 270, 285, 275, 200. ಅಂದರೆ 5 ಎಕರೆ ಮೆಣಸಿನಕಾಯಿ, 3 ಎಕರೆ ಜೋಳ, ಲಾಭ 2 ಲಕ್ಷ 85 ಸಾವಿರ.

ಹಾಗಾದರೆ 2 ಎಕರೆ ಬೀಳು ಬಿತ್ತಲ್ವಾ? ಹೌದು, ಅದು ತಪ್ಪಲ್ಲ. ಆಳು, ಹಣ ಎರಡೂ ಪೂರ್ತಿ ಮುಗಿದಿವೆ, ಹೊಲ ಮಾತ್ರ ಉಳಿದಿದೆ. ಈ ಉಳಿಕೆಯೇ ಸ್ಲ್ಯಾಕ್. ಈ ರೈತರು ಇನ್ನೊಂದು ಎಕರೆ ಲಾವಣಿಗೆ ಹಿಡಿದರೂ ಲಾಭ ಒಂದು ರೂಪಾಯಿ ಹೆಚ್ಚುವುದಿಲ್ಲ. ಇದನ್ನು ಉತ್ತರದ ಕೆಳಗೆ ಬರೆಯಿರಿ, ಸುಮ್ನೆ x = 5, y = 3 ಅಂತ ನಿಲ್ಲಿಸಬೇಡಿ.

ಮೆಣಸಿನಕಾಯಿ ಲಾಭ 45ರ ಬದಲು 40 ಆದರೆ? ಆಗ Z ಗೆರೆ ಹಣದ ಗೆರೆಗೆ ಸಮಾನಾಂತರ. (5, 3) ಮತ್ತು (3, 7) ಎರಡರಲ್ಲೂ 260 ಬರುತ್ತದೆ, ನಡುವಿನ ಪ್ರತಿ ಬಿಂದುವೂ ಉತ್ತರವೇ. ಲಾಭ 40ಕ್ಕಿಂತ ಕೆಳಗಿಳಿದು 20ಕ್ಕಿಂತ ಮೇಲಿದ್ದರೆ ಉತ್ತರ (3, 7)ಕ್ಕೆ ಸರಿಯುತ್ತದೆ, ಹತ್ತೂ ಎಕರೆ ಬಿತ್ತನೆಯಾಗುತ್ತದೆ.